ಕೆಂಪು ಗುರುತು ಬಾರದ ಕರಡು

ವರ್ಡ್‌ನಲ್ಲಿ ಸಿದ್ಧವಾಗುವ ಕರಡಿನೊಳಗೆ ಓದುವ ಪಠ್ಯದ ಜೊತೆಗೆ, ಆ ಪಠ್ಯದ ಮೇಲೆ ನಡೆದ ಕೆಲಸದ ದಾಖಲೆಯೂ ಇರುತ್ತದೆ. ಯಾವ ಪದ ತೆಗೆದರು, ಯಾವುದು ಸೇರಿಸಿದರು, ಯಾರು, ಯಾವಾಗ ಎಂಬುದನ್ನು ಟ್ರ್ಯಾಕ್ ಚೇಂಜಸ್ ಹಿಡಿದಿಟ್ಟುಕೊಳ್ಳುತ್ತದೆ. ಬದಿಯ ಕಾಮೆಂಟಿನಲ್ಲಿ ಓದಿದವರ ಅನುಮಾನ, ಅದಕ್ಕೆ ಬರೆದವರ ಉತ್ತರ ಇರುತ್ತದೆ. ಪುಟದ ಕೆಳಗಿನ ಅಡಿಟಿಪ್ಪಣಿಯಲ್ಲಿ ಆಧಾರ. ಇಂಥ ಕರಡನ್ನು ಪೂರ್ತಿ ಆಯ್ಕೆ ಮಾಡಿ, ಕಾಪಿ ಮಾಡಿ, ಇಮೇಲಿಗೋ ವಾಟ್ಸಾಪಿಗೋ ಪೇಸ್ಟ್ ಮಾಡಿದಾಗ ಪಠ್ಯ ಹೋಗುತ್ತದೆ, ದಾಖಲೆ ಬಹುಪಾಲು ಉಳಿದುಬಿಡುತ್ತದೆ. ಆದರೆ ಜೊತೆಗೆ ಕಳಿಸುವ ಕೋರಿಕೆ ಬರೆಯುವಾಗ ಕಳಿಸುವವರ ಕಣ್ಣ ಮುಂದೆ ಇರುವುದು ವರ್ಡ್ ಪುಟವೇ. ಹಾಗಾಗಿ ಅವರು ‘ಕೆಂಪಿನಲ್ಲಿರೋದು ಸರಿಯಾ ನೋಡಿ’, ‘ಪಕ್ಕದಲ್ಲಿ ಕೇಳಿರೋ ಪ್ರಶ್ನೆಗೆ ಏನಂತೀರಿ’, ‘ಎರಡನೇ ಅಡಿಟಿಪ್ಪಣಿ ಸಾಕಾ’ ಎಂದು ಬರೆಯುತ್ತಾರೆ. ಓದುವವರ ಮುಂದೆ ಕೆಂಪೂ ಇಲ್ಲ, ಪಕ್ಕವೂ ಇಲ್ಲ, ಅಡಿಯೂ ಇಲ್ಲ.

ಹೀಗೇಕಾಗುತ್ತದೆ ಎಂಬುದಕ್ಕೆ ಫೈಲಿನ ಒಳರಚನೆಯಲ್ಲೇ ಉತ್ತರವಿದೆ. 2007ರ ಆವೃತ್ತಿಯಿಂದ ವರ್ಡ್ ಬಳಸುತ್ತಿರುವ .docx ಎಂಬುದು ನೋಡಲು ಒಂದೇ ಫೈಲು, ನಿಜದಲ್ಲಿ ಅದೊಂದು ಜಿಪ್ ಮೂಟೆ. ಫೈಲಿನ ಒಂದು ನಕಲು ಮಾಡಿಕೊಂಡು, ಹೆಸರಿನ ಕೊನೆಯ .docx ಅನ್ನು .zip ಎಂದು ಬದಲಿಸಿ ಬಿಚ್ಚಿದರೆ ಒಳಗೆ word ಎಂಬ ಫೋಲ್ಡರ್ ಸಿಗುತ್ತದೆ. ಮುಖ್ಯ ಪಠ್ಯ document.xml ಎಂಬ ಫೈಲಿನಲ್ಲಿರುತ್ತದೆ. ಅಡಿಟಿಪ್ಪಣಿಗಳ ಪಠ್ಯ ಅಲ್ಲಿರುವುದಿಲ್ಲ, ಅದಕ್ಕೆ footnotes.xml ಎಂಬ ಬೇರೆ ಫೈಲಿದೆ. ಕಾಮೆಂಟುಗಳಿಗೆ comments.xml. ಮುಖ್ಯ ಪಠ್ಯದಲ್ಲಿ ಅಡಿಟಿಪ್ಪಣಿ ಬರುವ ಜಾಗದಲ್ಲಿ ಇರುವುದು ‘ಇಂಥ ಟಿಪ್ಪಣಿಯನ್ನು ಆ ಫೈಲಿನಿಂದ ತಂದು ತೋರಿಸು’ ಎಂಬ ಒಂದು ಚಿಕ್ಕ ಸೂಚನೆ ಮಾತ್ರ. ಪುಟದಲ್ಲಿ ಕಾಣುವ 1, 2, 3 ಎಂಬ ಅಂಕಿಗಳನ್ನೂ ಯಾರೂ ಟೈಪು ಮಾಡಿರುವುದಿಲ್ಲ; ಸೂಚನೆಗಳನ್ನು ಮೇಲಿಂದ ಕೆಳಕ್ಕೆ ಎಣಿಸಿ ವರ್ಡ್ ಆಗಿಂದಾಗ್ಗೆ ಬರೆದು ತೋರಿಸುವ ಅಂಕಿಗಳು ಅವು.

ತಿದ್ದುಪಡಿಯ ಕಥೆ ಸ್ವಲ್ಪ ಬೇರೆ. ಅದು ಮುಖ್ಯ ಪಠ್ಯದೊಳಗೇ ಇರುತ್ತದೆ. 1954 ಎಂದಿದ್ದುದನ್ನು 1955 ಎಂದು ತಿದ್ದಿದರೆ, ಬೇಡದ ವಿವರ ಬಿಟ್ಟು ನೋಡಿದಾಗ, ಫೈಲಿನಲ್ಲಿ ದಾಖಲಾಗುವುದು ಹೀಗೆ:

```
<w:del w:id="7" w:author="Guide">
  <w:r><w:delText>1954</w:delText></w:r>
</w:del>
<w:ins w:id="8" w:author="Guide">
  <w:r><w:t>1955</w:t></w:r>
</w:ins>
```

ಅಳಿಸಿದ್ದೂ ಅಲ್ಲೇ ಇದೆ, ಸೇರಿಸಿದ್ದೂ ಅದರ ಬೆನ್ನಿಗೇ ಇದೆ. ಯಾವುದು ಯಾವುದೆಂದು ಹೇಳುವುದು ಸುತ್ತಲಿನ del, ins ಎಂಬ ಗುರುತುಗಳು. ಕೆಂಪು ಬಣ್ಣ, ಮಧ್ಯದ ಗೆರೆ, ಅಡಿಗೆರೆ ಇವೆಲ್ಲ ಆ ಗುರುತುಗಳನ್ನು ಓದಿ ವರ್ಡ್ ತೆರೆಯ ಮೇಲೆ ಬಿಡಿಸುವ ಚಿತ್ರ. ಗುರುತು ಕಳಚಿದರೆ ಚಿತ್ರಕ್ಕೆ ಆಧಾರವೇ ಇಲ್ಲ.

ಕಳಚುವ ಕೆಲಸ ನಡೆಯುವುದು ಕ್ಲಿಪ್‌ಬೋರ್ಡಿನಲ್ಲಿ. ವರ್ಡ್‌ನಲ್ಲಿ ಕಾಪಿ ಒತ್ತಿದಾಗ ಕ್ಲಿಪ್‌ಬೋರ್ಡಿಗೆ ಹೋಗುವುದು ಒಂದೇ ಪ್ರತಿಯಲ್ಲ. ಅದೇ ಪಠ್ಯ ಹಲವು ರೂಪಗಳಲ್ಲಿ ಏಕಕಾಲಕ್ಕೆ ಅಲ್ಲಿ ಕೂರುತ್ತದೆ: ಅಲಂಕಾರವನ್ನೆಲ್ಲ ಹೊತ್ತ ರೂಪ, ವೆಬ್ ಪುಟದ ರೂಪ, ಬರೀ ಅಕ್ಷರಗಳ ರೂಪ. ಪೇಸ್ಟ್ ಮಾಡಿದ ಕಡೆಯ ತಂತ್ರಾಂಶ ತನಗೆ ಅರ್ಥವಾಗುವ ರೂಪವನ್ನು ಎತ್ತಿಕೊಳ್ಳುತ್ತದೆ. ಇನ್ನೊಂದು ವರ್ಡ್ ಪುಟವಾದರೆ ಹೆಚ್ಚಿನದು ಬರಬಹುದು. ಇಮೇಲ್ ಪೆಟ್ಟಿಗೆಯಾದರೆ ಬಣ್ಣವೋ ಗೆರೆಯೋ ಬರೀ ಅಲಂಕಾರವಾಗಿ ಉಳಿದುಕೊಂಡೀತು. ಒಪ್ಪು, ತಿರಸ್ಕರಿಸು ಎನ್ನುವ ಸೌಲಭ್ಯ ಇರದು. ವಾಟ್ಸಾಪ್, ನೋಟ್‌ಪ್ಯಾಡ್, ಅರ್ಜಿ ತುಂಬುವ ಪೆಟ್ಟಿಗೆಗಳು ಎತ್ತಿಕೊಳ್ಳುವುದು ಬರೀ ಅಕ್ಷರಗಳನ್ನು.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ, ದಿನವಿಡೀ ವರ್ಡ್ ಬಳಸುವವರಲ್ಲೂ ಅನೇಕರಿಗೆ ಇದು ಗೊತ್ತಿರುವುದಿಲ್ಲ. ಕಾಪಿ ಮಾಡುವ ಹೊತ್ತಿಗೆ ಮೂಲ ಫೈಲಿನಲ್ಲಿ ಟ್ರ್ಯಾಕ್ ಚೇಂಜಸ್ ಚಾಲೂ ಇದ್ದರೆ, ತಿದ್ದುಪಡಿಗಳನ್ನೆಲ್ಲ ಒಪ್ಪಿಕೊಂಡಂತೆ ಲೆಕ್ಕ ಹಾಕಿ ವರ್ಡ್ ಪಠ್ಯ ಕೊಡುತ್ತದೆ. ಅಳಿಸಿದ್ದು ಬರುವುದಿಲ್ಲ, ಸೇರಿಸಿದ್ದು ಮೊದಲಿನಿಂದಲೂ ಅಲ್ಲೇ ಇದ್ದಂತೆ ಬರುತ್ತದೆ. ತಿದ್ದುಪಡಿಯ ಗುರುತುಗಳ ಸಮೇತ ಒಂದು ವರ್ಡ್ ಫೈಲಿನಿಂದ ಇನ್ನೊಂದಕ್ಕೆ ಒಯ್ಯಬೇಕಿದ್ದರೆ ಎರಡೂ ಫೈಲುಗಳಲ್ಲಿ ಟ್ರ್ಯಾಕ್ ಚೇಂಜಸ್ ನಿಲ್ಲಿಸಿ, ಆಮೇಲೆ ಕಾಪಿ ಮಾಡಬೇಕು. ಗುರುತು ಉಳಿಯಬೇಕಾದರೆ ಗುರುತು ಹಾಕುವ ಗುಂಡಿಯನ್ನು ಆರಿಸಬೇಕೆಂಬುದು ವಿಚಿತ್ರವೇ ಸರಿ, ಆದರೆ ವ್ಯವಸ್ಥೆ ಇರುವುದು ಹಾಗೆ. ಟ್ರ್ಯಾಕ್ ಚೇಂಜಸ್ ಆರಿಸಿರುವಾಗ, ಅಳಿಸಿದ ಪದಗಳು ತೆರೆಯಲ್ಲಿ ಕಾಣುವ ಸ್ಥಿತಿಯಲ್ಲಿ ಕಾಪಿ ಮಾಡಿ ಬರೀ ಅಕ್ಷರವಾಗಿ ಅಂಟಿಸಿದರೆ ಇದಕ್ಕೆ ವಿರುದ್ಧವಾದದ್ದು ಆಗಬಹುದು: ಅಳಿಸಿದ್ದು, ಸೇರಿಸಿದ್ದು ಎರಡೂ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ.

ಒಂದು ಪ್ಯಾರಾವನ್ನೇ ತೆಗೆದುಕೊಂಡು ನೋಡಬಹುದು. ಕರ್ನಾಟಕ ಏಕೀಕರಣದ ಬಗ್ಗೆ ಪಿಎಚ್‌.ಡಿ. ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ತನ್ನ ಅಧ್ಯಾಯದ ಕರಡನ್ನು ನಿವೃತ್ತ ಅಧ್ಯಾಪಕರೊಬ್ಬರಿಗೆ ಕಳಿಸುತ್ತಾಳೆ ಎಂದಿಟ್ಟುಕೊಳ್ಳೋಣ. ಅದಾಗಲೇ ಆಕೆಯ ಗೈಡ್ ಒಂದು ಸುತ್ತು ತಿದ್ದಿದ್ದಾರೆ. ವರ್ಡ್ ಪುಟದಲ್ಲಿ ಮೊದಲ ವಾಕ್ಯ, ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ವರದಿ ಕೊಟ್ಟ ವರ್ಷದ್ದು. ಆಕೆ 1954 ಎಂದು ಬರೆದಿದ್ದಳು, ಗೈಡ್ ಅದನ್ನು ಹೊಡೆದು 1955 ಮಾಡಿದ್ದಾರೆ. ವಾಕ್ಯದ ಕೊನೆಗೆ ಅಡಿಟಿಪ್ಪಣಿ 1. ಎರಡನೆಯ ವಾಕ್ಯ: ‘ಮರುವರ್ಷ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಅಸ್ತಿತ್ವಕ್ಕೆ ಬಂದಿತು.’ ಇಲ್ಲಿ ‘ವಿಶಾಲ ಮೈಸೂರು’ ಎಂಬುದಕ್ಕೆ ಗೈಡ್ ಕಾಮೆಂಟ್ ಹಾಕಿದ್ದಾರೆ: ‘ಅಧಿಕೃತ ಹೆಸರು ಬರೀ ಮೈಸೂರು ಅಲ್ಲವೇನಮ್ಮ?’ ಅದಕ್ಕೆ ಆಕೆ ‘ಹೌದು ಸರ್, ಹಳೆಯ ಮೈಸೂರಿನಿಂದ ಬೇರೆ ಮಾಡಿ ತೋರಿಸಲು ಹಾಗೆ ಬರೆದೆ’ ಎಂದು ಉತ್ತರಿಸಿದ್ದಾಳೆ. ಮೂರನೆಯದು, ಬಳ್ಳಾರಿ ಜಿಲ್ಲೆಯ ಬಹುಭಾಗ ಅದಕ್ಕೂ ಮೊದಲೇ 1953ರಲ್ಲಿ ಮೈಸೂರಿಗೆ ಸೇರಿತ್ತು ಎಂಬ ವಾಕ್ಯ. ಅಧ್ಯಾಯ ಉದ್ದವಾಯಿತೆಂದು ಆಕೆಯೇ ಅದನ್ನು ಹೊಡೆದುಹಾಕಿದ್ದಾಳೆ. ಕೊನೆಯ ವಾಕ್ಯದಲ್ಲಿ 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂದ ಸಂಗತಿ, ಅಡಿಟಿಪ್ಪಣಿ 2.

ಆಕೆಯ ಕೋರಿಕೆ ಹೀಗಿದೆ: ‘ಸರ್, ಕೆಂಪಿನಲ್ಲಿ ತೆಗೆದಿರುವ ವಾಕ್ಯ ಬಿಟ್ಟರೆ ನಡೆಯುತ್ತದೆಯೇ? ಗೈಡ್ ಕೇಳಿದ್ದಕ್ಕೆ ಪಕ್ಕದಲ್ಲಿ ಕೊಟ್ಟಿರುವ ಉತ್ತರ ಸರಿಯಿದೆಯೇ? ಅಡಿಟಿಪ್ಪಣಿ 2ರ ಆಧಾರ ಸಾಕೇ? ದಯವಿಟ್ಟು ತಿಳಿಸಿ.’

ಟ್ರ್ಯಾಕ್ ಚೇಂಜಸ್ ಚಾಲೂ ಇದ್ದಾಗ ಕಾಪಿ ಮಾಡಿದ್ದರೆ ಅಧ್ಯಾಪಕರಿಗೆ ಸಿಗುವುದು ಈ ಪಠ್ಯ:

‘ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಸಲ್ಲಿಸಿತು. ಮರುವರ್ಷ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಅಸ್ತಿತ್ವಕ್ಕೆ ಬಂದಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ.’

ಆರಿಸಿದ್ದಾಗ ಕಾಪಿ ಮಾಡಿದ್ದರೆ ಸಿಗಬಹುದಾದದ್ದು ಇದು:

‘ಫಜಲ್ ಅಲಿ ಆಯೋಗ 19541955ರಲ್ಲಿ ವರದಿ ಸಲ್ಲಿಸಿತು. ಮರುವರ್ಷ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಅಸ್ತಿತ್ವಕ್ಕೆ ಬಂದಿತು. ಬಳ್ಳಾರಿ ಜಿಲ್ಲೆಯ ಬಹುಭಾಗ ಅದಕ್ಕೂ ಮೊದಲೇ 1953ರಲ್ಲಿ ಮೈಸೂರಿಗೆ ಸೇರಿತ್ತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ.’

ಒಂದೇ ಫೈಲಿನಿಂದ ಹೊರಟ ಎರಡು ಪ್ಯಾರಾಗಳು ಇವು. ಎರಡನೆಯದು ನೋಡಲು ಕೆಟ್ಟದಾಗಿದೆ, ಆದರೆ ಅದೇ ವಾಸಿ. 19541955 ಎಂಬ ಎಂಟು ಅಂಕಿಯ ವರ್ಷ ಕಂಡ ಕೂಡಲೇ ಏನೋ ಎಡವಟ್ಟಾಗಿದೆ ಎಂದು ಯಾರಿಗಾದರೂ ಹೊಳೆಯುತ್ತದೆ. ಮೊದಲನೆಯದು ಅಚ್ಚುಕಟ್ಟಾಗಿದೆ, ಅಪಾಯ ಇರುವುದೂ ಅಲ್ಲೇ. ತೆಗೆದ ವಾಕ್ಯ ಅಲ್ಲಿಲ್ಲವಾದ್ದರಿಂದ ಯಾವ ವಾಕ್ಯದ ಬಗ್ಗೆ ಕೇಳುತ್ತಿದ್ದಾಳೆಂದು ತಿಳಿಯದ ಅಧ್ಯಾಪಕರು, ಇರುವ ಮೂರರಲ್ಲಿ ಯಾವುದನ್ನೋ ತೆಗೆಯಲಿದ್ದಾಳೆ ಎಂದುಕೊಳ್ಳಬಹುದು. ‘ವಿಶಾಲ ಮೈಸೂರು ವಾಕ್ಯ ಬಿಡಬೇಡಿ, ಅದು ಬೇಕೇ ಬೇಕು’ ಎಂದು ಬರೆದಾರು. ಆಕೆ ಅದನ್ನು ಓದಿ, ತನ್ನ ಕಾಮೆಂಟ್ ಉತ್ತರವನ್ನು ಅವರು ಒಪ್ಪಿದರು ಎಂದು ತಿಳಿದಾಳು. ಬಳ್ಳಾರಿ ವಾಕ್ಯದ ಪ್ರಶ್ನೆಗೆ ಉತ್ತರವೇ ಬಂದಿಲ್ಲ ಎಂಬುದು ಇಬ್ಬರಿಗೂ ತಿಳಿಯದೆ ಹೋಗುತ್ತದೆ.

ಅಡಿಟಿಪ್ಪಣಿಯ ಗತಿ ಪೇಸ್ಟ್ ಮಾಡಿದ ದಾರಿಯ ಮೇಲೆ ನಿಂತಿದೆ. ಮೇಲಿನ ಎರಡರಲ್ಲೂ ಅದು ಸುಳಿವಿಲ್ಲದೆ ಹೋಗಿದೆ. ಕೆಲವು ಕಡೆ ಅಂಕಿ ಚೌಕ ಕಂಸದಲ್ಲಿ [1] ಎಂದು ಬಂದು ಟಿಪ್ಪಣಿಗಳು ಕೊನೆಗೆ ಸಾಲುಗಟ್ಟುತ್ತವೆ. ಒಂದೇ ಪ್ಯಾರಾವನ್ನು ಕತ್ತರಿಸಿ ಕಳಿಸುವವರು ಆ ಸಾಲನ್ನು ಬಿಟ್ಟುಬಿಡುವುದೂ ಉಂಟು. ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಮೇಲೆ ಕೂತ ಪುಟ್ಟ ಅಂಕಿ ಕೆಳಗಿಳಿದು ಸಾಲಿನಲ್ಲಿ ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ವರ್ಷಕ್ಕೆ ‘ರಲ್ಲಿ’, ‘ರ’ ಎಂಬ ಪ್ರತ್ಯಯ ಹತ್ತುವುದರಿಂದ ಒಂದಷ್ಟು ರಕ್ಷಣೆ ಸಿಗುತ್ತದೆ: ‘1973ರಲ್ಲಿ.2’ ಎಂದು ಬಂದರೆ ಆ 2 ಎಲ್ಲಿಯದೆಂದು ಊಹಿಸಬಹುದು. ಆದರೆ ಪಟ್ಟಿಯಲ್ಲೋ ಕೋಷ್ಟಕದಲ್ಲೋ ಬರೀ ವರ್ಷವಿದ್ದು ಅದಕ್ಕೆ ಟಿಪ್ಪಣಿ ಹಚ್ಚಿದ್ದರೆ 1973 ಎಂಬುದು 19732 ಆಗುತ್ತದೆ. ತಾಲ್ಲೂಕುಗಳ ಸಂಖ್ಯೆಯೋ ಮತಗಳ ಎಣಿಕೆಯೋ ಆಗಿದ್ದರೆ ಇನ್ನೂ ಕಷ್ಟ. 7ರ ಪಕ್ಕಕ್ಕೆ ಟಿಪ್ಪಣಿಯ 3 ಇಳಿದು 73 ಆದರೆ ಅದನ್ನು ತಪ್ಪೆಂದು ಹಿಡಿಯಲು ವಿಷಯ ತಿಳಿದವರೇ ಬೇಕು.

ಹಾಗಾದರೆ ಫೈಲನ್ನೇ ಕಳಿಸಿಬಿಟ್ಟರೆ ‘ಕೆಂಪಿನದು ನೋಡಿ’ ಎನ್ನುವುದು ಸರಿಹೋಗುತ್ತದೆಯೇ ಎಂದರೆ, ಪೂರ್ತಿಯಾಗಿ ಇಲ್ಲ. ಫೈಲಿನಲ್ಲಿ ತಿದ್ದಿದವರ ಹೆಸರು ದಾಖಲಾಗುತ್ತದೆ, ಬಣ್ಣವಲ್ಲ. ಸಾಮಾನ್ಯ ವ್ಯವಸ್ಥೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಹಂಚುವುದು ತೆರೆದ ಕಂಪ್ಯೂಟರಿನ ವರ್ಡ್. ವಿದ್ಯಾರ್ಥಿನಿಯ ತೆರೆಯಲ್ಲಿ ಗೈಡ್ ಕೆಂಪಾಗಿದ್ದರೆ ಅಧ್ಯಾಪಕರ ತೆರೆಯಲ್ಲಿ ನೀಲಿಯಾಗಿರಬಹುದು. ಅದೂ ಅಲ್ಲದೆ 2013ರ ವರ್ಡ್‌ನಿಂದ Simple Markup ಎಂಬ ನೋಟ ಬಂದಿದೆ. ಅದರಲ್ಲಿ ತಿದ್ದಿದ ಸಾಲಿನ ಅಂಚಿಗೆ ಒಂದು ಗೆರೆ ಕಾಣುತ್ತದೆ ಅಷ್ಟೆ. ಅಳಿಸಿದ್ದು, ಸೇರಿಸಿದ್ದು ವಿವರವಾಗಿ ಕಾಣಬೇಕಿದ್ದರೆ Review ಪಟ್ಟಿಯಲ್ಲಿ All Markup ಆರಿಸಬೇಕು. ಫೈಲು ತಲುಪಿಯೂ ‘ಏನೂ ತಿದ್ದೇ ಇಲ್ಲವಲ್ಲ’ ಎನ್ನುವ ಉತ್ತರ ಬರುವುದು ಇದರಿಂದಲೇ.

ಸಂಖ್ಯೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಅಡಿಟಿಪ್ಪಣಿಯ ಅಂಕಿ ಎಣಿಕೆಯಿಂದ ಹುಟ್ಟುವುದೆಂದು ಮೇಲೆ ಹೇಳಿತಷ್ಟೆ. ಅಧ್ಯಾಯದ ನಡುವಿನ ಎರಡು ಪುಟಗಳನ್ನು ಹೊಸ ಫೈಲಿಗೆ ಹಾಕಿದರೆ ಅಲ್ಲಿದ್ದ 14, 15 ಎಂಬ ಟಿಪ್ಪಣಿಗಳು 1, 2 ಆಗಿಬಿಡುತ್ತವೆ. ಟ್ರ್ಯಾಕ್ ಚೇಂಜಸ್‌ನಲ್ಲಿ ಅಳಿಸಿದ ಟಿಪ್ಪಣಿ, ಅಳಿಸಿದ್ದನ್ನು ಒಪ್ಪುವ ತನಕ ಎಣಿಕೆಯಲ್ಲೇ ಇರುತ್ತದೆ. ಒಪ್ಪಿದ ಗಳಿಗೆಯಲ್ಲಿ ಅದರ ಕೆಳಗಿನವೆಲ್ಲ ಒಂದೊಂದು ಹಿಂದೆ ಸರಿಯುತ್ತವೆ. ಪುಟದ ಸಂಖ್ಯೆಯಂತೂ ಫಾಂಟು ಬದಲಾದರೂ ಬದಲಾಗುತ್ತದೆ, ಫೋನಿನಲ್ಲಿ ತೆರೆದರೂ ಬದಲಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇದರ ಮೇಲೆ ಇನ್ನೊಂದು ತೊಡಕು ಇದೆ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೋ ಬರಹದಲ್ಲೋ ಹಳೆಯ, ಯೂನಿಕೋಡ್ ಅಲ್ಲದ ಫಾಂಟು ಬಳಸಿ ಟೈಪು ಮಾಡುವ ರೂಢಿ ಡಿಟಿಪಿ ಅಂಗಡಿಗಳಲ್ಲಿ, ಪ್ರಕಾಶನಗಳಲ್ಲಿ ಈಗಲೂ ಇದೆ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ‘ಕನ್ನಡ’ ಎಂಬ ಪದ ಫೈಲಿನೊಳಗೆ PÀ£ÀßqÀ ಎಂದಿರುತ್ತದೆ; ಫಾಂಟು ಜೊತೆಗಿದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಪೇಸ್ಟ್ ಮಾಡಿದಾಗ ಫಾಂಟಿನ ಮಾಹಿತಿ ಬಿದ್ದುಹೋಗುವುದರಿಂದ ಓದುವವರಿಗೆ ತಲುಪುವುದು ಬರೀ PÀ£ÀßqÀ.

ಅದನ್ನು ಸರಿಪಡಿಸಲು ಎಲ್ಲರೂ ಮೊರೆಹೋಗುವುದು ಯೂನಿಕೋಡ್ ಪರಿವರ್ತಕಕ್ಕೆ. ಅಂಥ ಪರಿವರ್ತಕಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ಹೀಗೆ: ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಪಠ್ಯ ಅಂಟಿಸಬೇಕು, ಗುಂಡಿ ಒತ್ತಬೇಕು, ಕೆಳಗಿನ ಪೆಟ್ಟಿಗೆಯಿಂದ ಹೊಸದನ್ನು ಕಾಪಿ ಮಾಡಿಕೊಳ್ಳಬೇಕು. ಅಂದರೆ ಪರಿವರ್ತನೆಯೇ ಒಂದು ಕಾಪಿ-ಪೇಸ್ಟ್. ಕಾಮೆಂಟು, ತಿದ್ದುಪಡಿ, ಅಡಿಟಿಪ್ಪಣಿ ಎಲ್ಲವೂ ಮೇಲಿನ ಪೆಟ್ಟಿಗೆಗೆ ಬೀಳುವ ಮುಂಚೆಯೇ ಉದುರಿರುತ್ತವೆ. ಇಂಗ್ಲಿಷಿನಲ್ಲಿ ಬರೆಯುವವರ ಕರಡು ಕಳಿಸುವಾಗ ಕಳಕೊಳ್ಳುವುದನ್ನು ಕನ್ನಡದ ಕರಡು ಕಳಿಸುವ ಮುನ್ನವೇ ಕಳಕೊಂಡಿರುತ್ತದೆ. ಆಮೇಲೆ ಆ ಹೊಸ ಪಠ್ಯವನ್ನು ವರ್ಡ್ ಫೈಲಿನಲ್ಲೇ ಹಾಕಿ ಅಟ್ಯಾಚ್ ಮಾಡಿದರೂ ಪ್ರಯೋಜನವಿಲ್ಲ. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡದ ಸಂಕೇತಗಳೆಂದೇ ಎಣಿಸಿ ಅರ್ಥವಿಲ್ಲದ ಅಕ್ಷರಮಾಲೆ ಮಾಡಿಟ್ಟಿರುತ್ತದೆ. ಅಭಿಪ್ರಾಯ ಕೇಳಿಸಿಕೊಂಡವರು ಅದನ್ನು ಬರೆದವರ ಕಾಗುಣಿತ ದೋಷವೆಂದು ತಿದ್ದಲು ಕೂರುತ್ತಾರೆ. ಈ ಕಾರಣಕ್ಕೆ, ನುಡಿಯಲ್ಲಿರುವ ಕರಡನ್ನು ಪರಿವರ್ತಿಸಲೇಬೇಕಿದ್ದರೆ ತಿದ್ದುಪಡಿಯ ಸುತ್ತು ಶುರುವಾಗುವ ಮೊದಲೇ ಪರಿವರ್ತಿಸಿಕೊಳ್ಳುವುದು ಲೇಸು.

ಗುರುತುಗಳು ಉದುರುವುದು ಯಾವಾಗಲೂ ಅಚಾತುರ್ಯವೇ ಎಂದೇನಿಲ್ಲ. ಬೇಕೆಂದೇ ಉದುರಿಸುವವರೂ ಇದ್ದಾರೆ, ಅದಕ್ಕೆ ಕಾರಣವೂ ಇದೆ. ಲೆಬನಾನಿನ ಮಾಜಿ ಪ್ರಧಾನಿ ರಫೀಕ್ ಹರೀರಿ ಅವರ ಹತ್ಯೆಯ ಬಗ್ಗೆ ಡೆಟ್ಲೆವ್ ಮೆಹ್ಲಿಸ್ ನೇತೃತ್ವದಲ್ಲಿ ನಡೆದ ವಿಶ್ವಸಂಸ್ಥೆಯ ತನಿಖೆಯ ವರದಿ 2005ರ ಅಕ್ಟೋಬರಿನಲ್ಲಿ ಹೊರಬಂದಾಗ, ಅದರ ವರ್ಡ್ ಪ್ರತಿಯಲ್ಲಿ ಟ್ರ್ಯಾಕ್ ಚೇಂಜಸ್ ಹಾಗೇ ಉಳಿದುಬಿಟ್ಟಿತ್ತು. ಕೊನೆಯ ಹಂತದಲ್ಲಿ ತೆಗೆದುಹಾಕಿದ್ದ ಸಿರಿಯಾದ ಪ್ರಭಾವಿಗಳ ಹೆಸರುಗಳು ಪತ್ರಕರ್ತರ ಕಣ್ಣಿಗೆ ಬಿದ್ದು ದೊಡ್ಡ ಸುದ್ದಿಯಾಯಿತು. ವಕೀಲರ ಕಚೇರಿಗಳಲ್ಲಿ, ಸರ್ಕಾರಿ ಪತ್ರವ್ಯವಹಾರದಲ್ಲಿ ಕಳಿಸುವ ಮುನ್ನ ಗುರುತು ತೊಳೆಯುವ ಅಭ್ಯಾಸ ಇರುವುದು ಇಂಥ ಭಯದಿಂದ. ವರ್ಡ್‌ನಲ್ಲೇ ಇದಕ್ಕೆಂದು Document Inspector ಎಂಬ ಸಲಕರಣೆ ಇದೆ. ಅಂತಿಮ ಪ್ರತಿಗೆ ಇದು ತಕ್ಕದ್ದೇ. ಅಭಿಪ್ರಾಯ ಕೇಳಲು ಕಳಿಸುವ ಕರಡಿಗೆ ಅದೇ ಅಭ್ಯಾಸ ಮುಂದುವರಿದಾಗ ತೊಂದರೆ.

ಕಳಿಸುವವರ ಕಡೆಯಿಂದ ಸುಲಭದ ದಾರಿ, ಪೇಸ್ಟ್ ಮಾಡದೆ .docx ಫೈಲನ್ನೇ ಕಳಿಸುವುದು. ವಾಟ್ಸಾಪಿನಲ್ಲೂ Document ಎಂದು ಆರಿಸಿ ಹಾಕಿದರೆ ಫೈಲು ಹಾಗೇ ಹೋಗುತ್ತದೆ. ಓದುವವರ ಬಳಿ ವರ್ಡ್ ಇಲ್ಲದಿದ್ದರೆ ಗುರುತುಗಳು ಕಾಣುವ ಪಿಡಿಎಫ್ ಮಾಡಬಹುದು: ವಿಂಡೋಸ್‌ನ ವರ್ಡ್‌ನಲ್ಲಿ ಪಿಡಿಎಫ್ ಆಗಿ ಉಳಿಸುವಾಗ Options ತೆರೆದು Document showing markup ಆರಿಸಿದರೆ ಬದಿಯ ಕಾಮೆಂಟುಗಳೂ ತಿದ್ದುಪಡಿಗಳೂ ಚಿತ್ರದಂತೆ ಪುಟಕ್ಕೆ ಇಳಿಯುತ್ತವೆ. ಯಾರ ಫೋನಿನಲ್ಲಿ ತೆರೆದರೂ ಅದು ಒಂದೇ ತೆರನಾಗಿ ಕಾಣುತ್ತದೆ. ಪಿಡಿಎಫ್ ಆದ ಮೇಲೆ ಅದನ್ನು ಒಮ್ಮೆ ತೆರೆದು ನೋಡುವುದು ಅಗತ್ಯ, ಕಾಮೆಂಟು ಬಹಳವಾಗಿ ಪುಟದ ಬದಿ ಕಿಕ್ಕಿರಿದಿದ್ದರೆ ಕೆಲವು ಅರ್ಧಕ್ಕೇ ನಿಂತಿರುತ್ತವೆ.

ಬರೀ ಅಕ್ಷರವಾಗಿಯೇ ಕಳಿಸಬೇಕಾದ ಸಂದರ್ಭಗಳೂ ಇವೆ. ಆಗ ಗುರುತಿನ ಕೆಲಸವನ್ನು ಮಾತೇ ಮಾಡಬೇಕು. ಬಣ್ಣ, ಬದಿ, ಮೇಲೆ, ಕೆಳಗೆ, ಸಂಖ್ಯೆ ಇವನ್ನೆಲ್ಲ ಬಿಟ್ಟು, ಪಠ್ಯದ ಪದಗಳನ್ನೇ ಎತ್ತಿ ಹೇಳಬೇಕು. ಮೇಲಿನ ವಿದ್ಯಾರ್ಥಿನಿಯ ಕೋರಿಕೆ ಆಗ ಈ ರೂಪ ತಾಳುತ್ತದೆ:

‘ಸರ್, ಕೆಳಗಿನ ಪ್ಯಾರಾ ನನ್ನ ಎರಡನೇ ಅಧ್ಯಾಯದ್ದು. “ಅಸ್ತಿತ್ವಕ್ಕೆ ಬಂದಿತು” ಎಂಬುದಾದ ಮೇಲೆ ಒಂದು ವಾಕ್ಯ ತೆಗೆದಿದ್ದೇನೆ. ಅದು ಹೀಗಿತ್ತು: “ಬಳ್ಳಾರಿ ಜಿಲ್ಲೆಯ ಬಹುಭಾಗ ಅದಕ್ಕೂ ಮೊದಲೇ 1953ರಲ್ಲಿ ಮೈಸೂರಿಗೆ ಸೇರಿತ್ತು.” ಬಿಟ್ಟರೆ ನಡೆಯುತ್ತದೆಯೇ? “ವಿಶಾಲ ಮೈಸೂರು” ಎಂಬ ಪದಕ್ಕೆ ಗೈಡ್, ಅಧಿಕೃತ ಹೆಸರು ಬರೀ ಮೈಸೂರು ಅಲ್ಲವೇ ಎಂದು ಕೇಳಿದ್ದಾರೆ. ಹಳೆಯ ಮೈಸೂರಿನಿಂದ ಬೇರೆ ಮಾಡಲು ಹಾಗೆ ಬರೆದೆ ಎಂದಿದ್ದೇನೆ. ಈ ಉತ್ತರ ಸಾಕೇ? ಕೊನೆಯ ವಾಕ್ಯಕ್ಕೆ ಕೊಟ್ಟಿರುವ ಅಡಿಟಿಪ್ಪಣಿಯನ್ನು ಪ್ಯಾರಾದ ಕೆಳಗೆ ಪೂರ್ತಿ ಬರೆದಿದ್ದೇನೆ.’

ಉದ್ದವಾಯಿತು, ನಿಜ. ಆದರೆ ಇದನ್ನು ಓದಿದವರು ಫೈಲು ತೆರೆಯದೆ, ಬಸ್ಸಿನಲ್ಲಿ ಕೂತು ಫೋನಿನಲ್ಲೇ ಉತ್ತರ ಹೇಳಬಹುದು. ಗುರುತುಗಳು ಮೂರು ನಾಲ್ಕರ ಒಳಗಿದ್ದಾಗ ಈ ವಿಧಾನಕ್ಕೆ ಅರ್ಥವಿದೆ. ಮೂವತ್ತು ತಿದ್ದುಪಡಿಗಳ ಅಧ್ಯಾಯಕ್ಕೆ ಇದು ಒಗ್ಗುವುದಿಲ್ಲ, ಅದಕ್ಕೆ ಫೈಲೇ ಬೇಕು.

ಇನ್ನು ಓದುವವರ ಪಾಡು. ಕೋರಿಕೆಯಲ್ಲಿ ಹೇಳಿದ ಗುರುತು ತೆರೆಯಲ್ಲಿ ಇಲ್ಲದಿದ್ದಾಗ ಊಹಿಸಿ ಉತ್ತರಿಸುವ ಸೆಳೆತ ಬಲವಾಗಿರುತ್ತದೆ, ಮುಖ್ಯವಾಗಿ ಕೇಳಿದವರು ಚಿಕ್ಕವರಾಗಿ, ಅವರನ್ನು ಮತ್ತೆ ಮತ್ತೆ ಕಾಡಿಸುವುದು ಬೇಡವೆನಿಸಿದಾಗ. ಆದರೆ ಊಹೆಯ ಉತ್ತರ ತಲುಪಿದವರಿಗೆ ಅದು ಊಹೆಯೆಂದು ಗೊತ್ತಾಗುವ ದಾರಿಯಿಲ್ಲ. ತಮಗೆ ಏನು ಕಾಣುತ್ತಿದೆ ಎಂಬುದನ್ನು ಮೊದಲು ಹೇಳುವುದರಿಂದ ಅರ್ಧ ಗೊಂದಲ ಕಳೆಯುತ್ತದೆ: ‘ನನಗೆ ಬಂದಿರುವುದು ಮೂರು ವಾಕ್ಯದ ಪ್ಯಾರಾ. “ಫಜಲ್ ಅಲಿ” ಎಂದು ಶುರುವಾಗಿ “1973ರಲ್ಲಿ” ಎಂದು ಮುಗಿಯುತ್ತದೆ. ಬಣ್ಣ, ಕಾಮೆಂಟು ಬಂದಿಲ್ಲ. ಅಡಿಟಿಪ್ಪಣಿಯ ಅಂಕಿಯೂ ಇಲ್ಲ.’ ಇಷ್ಟು ಓದಿದರೆ ವಿದ್ಯಾರ್ಥಿನಿಗೆ ಏನಾಗಿದೆ ಎಂದು ತಕ್ಷಣ ಹೊಳೆಯುತ್ತದೆ. ಅವಳ ತೆರೆಯಲ್ಲಿ ಇರುವುದು ನಾಲ್ಕು ವಾಕ್ಯ.

ಆಮೇಲೆ, ಇರುವ ಪಠ್ಯದಿಂದಲೇ ಉತ್ತರಿಸಬಹುದಾದದ್ದನ್ನು ಉತ್ತರಿಸಿಬಿಡಬಹುದು. ‘ಮರುವರ್ಷ ನವೆಂಬರ್ 1’ ಎಂದರೆ 1956 ಎಂದು ಓದುಗರೇ ಲೆಕ್ಕ ಹಾಕಿಕೊಳ್ಳಬೇಕು, ವರ್ಷವನ್ನು ನೇರವಾಗಿ ಬರೆಯುವುದು ಮೇಲು ಎಂಬ ಸಲಹೆಗೆ ಯಾವ ಗುರುತೂ ಬೇಕಿಲ್ಲ. ವಾಕ್ಯಗಳ ಓಟ, ಇಸವಿಗಳ ಸರಿತಪ್ಪು, ಪದಗಳ ಆಯ್ಕೆ ಎಲ್ಲವೂ ಈ ಬಗೆಯವು. ತೆಗೆದದ್ದು ಸರಿಯೇ ಎಂಬ ಪ್ರಶ್ನೆಯನ್ನು ಮಾತ್ರ ತೆಗೆದದ್ದನ್ನು ನೋಡದೆ ಮುಟ್ಟಬಾರದು. ಆಧಾರ ಸಾಕೇ ಎಂಬುದೂ ಅಷ್ಟೆ. 1973ರಲ್ಲಿ ಹೆಸರು ಬದಲಾದದ್ದು ನಿಜ ಎಂದು ಓದುವವರಿಗೆ ಗೊತ್ತಿದ್ದ ಮಾತ್ರಕ್ಕೆ, ಟಿಪ್ಪಣಿಯಲ್ಲಿ ಕೊಟ್ಟ ಪುಸ್ತಕ ಸಂಶೋಧನಾ ಪ್ರಬಂಧಕ್ಕೆ ತಕ್ಕ ಆಧಾರ ಎಂದಾಗುವುದಿಲ್ಲ.

ಕರಡಿನ ಹಿಂದಿನ ಆವೃತ್ತಿ ಓದುವವರ ಬಳಿ ಮೊದಲೇ ಇದ್ದರೆ ಕಳೆದುಹೋದ ತಿದ್ದುಪಡಿಗಳನ್ನು ಸ್ವಲ್ಪ ಮಟ್ಟಿಗೆ ಮರಳಿ ಪಡೆಯಬಹುದು. ಅಂಟಿಸಿ ಬಂದ ಪಠ್ಯವನ್ನು ಒಂದು ವರ್ಡ್ ಫೈಲಿನಲ್ಲಿ ಉಳಿಸಿಕೊಂಡು, ಕಂಪ್ಯೂಟರಿನ ವರ್ಡ್‌ನಲ್ಲಿ Review ಪಟ್ಟಿಯ Compare ತೆರೆದು, ಹಳೆಯದನ್ನು ಮೂಲವೆಂದೂ ಹೊಸದನ್ನು ತಿದ್ದಿದ್ದೆಂದೂ ಕೊಟ್ಟರೆ, ಎರಡರ ವ್ಯತ್ಯಾಸವನ್ನು ವರ್ಡ್ ತಿದ್ದುಪಡಿಯ ಗುರುತುಗಳಾಗಿ ತೋರಿಸುತ್ತದೆ. ಬಳ್ಳಾರಿಯ ವಾಕ್ಯ ಅಡ್ಡಗೆರೆಯೊಂದಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ, 1954 ಹೋಗಿ 1955 ಬಂದದ್ದೂ ತಿಳಿಯುತ್ತದೆ. ಅದಕ್ಕೆ ಮಿತಿಗಳಿವೆ. ತಿದ್ದಿದ್ದು ಗೈಡೋ ವಿದ್ಯಾರ್ಥಿನಿಯೋ ಎಂದು ಅದು ಹೇಳಲಾರದು, ಎಲ್ಲ ತಿದ್ದುಪಡಿಗೂ ಹೋಲಿಕೆ ಮಾಡಿದವರ ಹೆಸರೇ ಹತ್ತುತ್ತದೆ. ಅಂಟಿಸಿದ ಪ್ರತಿಯಲ್ಲಿ ಅಡಿಟಿಪ್ಪಣಿ ಇಲ್ಲದ ಕಾರಣ ಹಳೆಯ ಟಿಪ್ಪಣಿಗಳನ್ನೆಲ್ಲ ಯಾರೋ ಅಳಿಸಿಹಾಕಿದ್ದಾರೆ ಎಂದು ಅದು ತೋರಿಸುತ್ತದೆ, ಅದನ್ನು ನಂಬಬಾರದು. ಹಿಂದಿನ ಆವೃತ್ತಿ ಬಂದ ಮೇಲೆ ಗೈಡ್ ಹಾಕಿದ ಕಾಮೆಂಟು, ಅದಕ್ಕೆ ಕೊಟ್ಟ ಉತ್ತರ ಇವೆರಡೂ ಯಾವ ಹೋಲಿಕೆಯಿಂದಲೂ ಸಿಗುವುದಿಲ್ಲ. ಅವನ್ನು ವಿದ್ಯಾರ್ಥಿನಿಯೇ ತನ್ನ ಫೈಲಿನಿಂದ ಕಳಿಸಬೇಕು.